ಇಂಗ್ಲಿಷ್ ವಿಡಿಯೊಗೆ ಕನ್ನಡ ನಿರೂಪಣೆ ಉದ್ದವಾದಾಗ

ಪ್ರಶ್ನೆ, ಅನುವಾದಕಿ: ಹೃದಯ ಕೆಲಸ ಮಾಡುವ ಬಗೆಯನ್ನು ವಿವರಿಸುವ 90 ಸೆಕೆಂಡುಗಳ ಇಂಗ್ಲಿಷ್ ವಿಡಿಯೊಗೆ ಕನ್ನಡ ಸ್ಕ್ರಿಪ್ಟ್ ಬರೆದಿದ್ದೇನೆ. ಪದಗಳು ಇಂಗ್ಲಿಷಿಗಿಂತ ಕಡಿಮೆಯಿದ್ದರೂ ಓದಲು 118 ಸೆಕೆಂಡು ಹಿಡಿಯುತ್ತಿದೆ. ಆನಿಮೇಷನ್ ಬದಲಾಯಿಸುವಂತಿಲ್ಲ. 7 ಸೆಕೆಂಡುಗಳ ಒಂದು ದೃಶ್ಯಕ್ಕೆ ನಾನು ಬರೆದ ವಾಕ್ಯ ಇದು: "ದೇಹದ ಎಲ್ಲ ಭಾಗಗಳಿಂದ ಹಿಂತಿರುಗಿ ಬರುವ ಆಮ್ಲಜನಕ ಕಡಿಮೆಯಾಗಿರುವ ರಕ್ತವನ್ನು ಹೃದಯದ ಬಲಭಾಗವು ಶ್ವಾಸಕೋಶಗಳಿಗೆ ಕಳುಹಿಸಿಕೊಡುವ ಕಾರ್ಯವನ್ನು ಮಾಡುತ್ತದೆ." ಏನು ಮಾಡಲಿ?

ವಿಡಿಯೊ ಎಡಿಟರ್: ಇಷ್ಟಕ್ಕೆಲ್ಲ ಸ್ಕ್ರಿಪ್ಟ್ ತಿದ್ದುವ ಅಗತ್ಯವಿಲ್ಲ, ಮೇಡಂ. ಸ್ವರದ ಏರಿಳಿತ ಕೆಡದಂತೆ ಧ್ವನಿಯ ವೇಗವನ್ನಷ್ಟೇ ಹೆಚ್ಚಿಸುವ ಸೌಲಭ್ಯ ಈಗ ಬಹುತೇಕ ಎಡಿಟಿಂಗ್ ತಂತ್ರಾಂಶಗಳಲ್ಲಿ ಇದೆ.

ನಿರೂಪಣಾ ನಿರ್ದೇಶಕರು: ಅರ್ಧ ಸೆಕೆಂಡು ಮಿಕ್ಕಾಗ ನಾನೂ ಅದನ್ನೇ ಮಾಡುತ್ತೇನೆ. ಆದರೆ 118ನ್ನು 90ಕ್ಕೆ ಇಳಿಸಬೇಕಾದರೆ ವೇಗವನ್ನು ಸುಮಾರು ಶೇ 31ರಷ್ಟು ಏರಿಸಬೇಕು. ಆಗ ಮಾತಿನೊಂದಿಗೆ ವಾಕ್ಯಗಳ ನಡುವಿನ ಬಿಡುವೂ ಕುಗ್ಗುವುದರಿಂದ, ವಿಷಯವನ್ನು ಮೊದಲ ಸಲ ಕೇಳುವವರಿಗೆ ಒಂದು ಮಾತು ಮನಸ್ಸಿನಲ್ಲಿ ನಿಲ್ಲುವ ಮೊದಲೇ ಇನ್ನೊಂದು ಬಂದುಬಿಡುತ್ತದೆ.

ಮೇಡಂ, ನಿಮ್ಮನ್ನು ದಾರಿ ತಪ್ಪಿಸಿದ್ದು ಪದಗಳ ಎಣಿಕೆ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಸಣ್ಣ ಪದಗಳ ಕೆಲಸವನ್ನು ಕನ್ನಡದಲ್ಲಿ ಪ್ರತ್ಯಯಗಳು ಮಾಡುತ್ತವೆ. ಹಾಗಾಗಿ 'ಕಡಿಮೆಯಾಗಿರುವ' ಎಂಬುದು ಲೆಕ್ಕಕ್ಕೆ ಒಂದೇ ಪದವಾದರೂ ಬಾಯಲ್ಲಿ 7 ಅಕ್ಷರ. ಆದ್ದರಿಂದ ಅಕ್ಷರಗಳನ್ನೇ ಎಣಿಸಿ. ಒತ್ತಕ್ಷರವನ್ನೂ ಅನುಸ್ವಾರವನ್ನೂ ಬೇರೆಯಾಗಿ ಎಣಿಸಬೇಡಿ. ನಿಮ್ಮ ನಿರೂಪಕರಿಂದ ಇದೇ ಬಗೆಯ ಬರಹವನ್ನು ಒಂದು ನಿಮಿಷ ಓದಿಸಿ, ಅವರ ವೇಗ ತಿಳಿದುಕೊಳ್ಳಿ. ಅವರು ನಿಮಿಷಕ್ಕೆ 330 ಅಕ್ಷರ ಓದಿದರು ಎನ್ನೋಣ. ಆಗ ಸೆಕೆಂಡಿಗೆ ಐದೂವರೆ ಆಯಿತು. 7 ಸೆಕೆಂಡುಗಳಲ್ಲಿ ಅರ್ಧ ಸೆಕೆಂಡನ್ನು ಉಸಿರಿಗೆ ಬಿಟ್ಟರೆ ನಿಮಗೆ ಸಿಗುವುದು 35 ಅಕ್ಷರ. ನಿಮ್ಮ ವಾಕ್ಯದಲ್ಲಿರುವುದು 64.

ಎಲ್ಲಿ ಕತ್ತರಿಸಬೇಕೆಂಬುದು ಈ ವಾಕ್ಯದಲ್ಲೇ ಕಾಣುತ್ತದೆ. 'ಕಳುಹಿಸಿಕೊಡುವ ಕಾರ್ಯವನ್ನು ಮಾಡುತ್ತದೆ' ಎಂಬ 15 ಅಕ್ಷರಗಳ ಕೆಲಸವನ್ನು 'ತಳ್ಳುತ್ತದೆ' ನಾಲ್ಕರಲ್ಲಿ ಮುಗಿಸುತ್ತದೆ, ಮತ್ತು ಹೃದಯ ನಿಜಕ್ಕೂ ಮಾಡುವುದು ತಳ್ಳುವುದನ್ನೇ. 'ದೇಹದ ಎಲ್ಲ ಭಾಗಗಳಿಂದ ಹಿಂತಿರುಗಿ ಬರುವ' ಎಂಬುದು 'ದೇಹದಿಂದ ಬಂದ' ಆಗಲಿ, 'ಕಡಿಮೆಯಾಗಿರುವ' ಎಂಬುದು 'ತಗ್ಗಿದ' ಆಗಲಿ. ಇನ್ನು ಪದಕ್ರಮ. ಚಿತ್ರದಲ್ಲಿ ಮೊದಲು ಹೃದಯದ ಬಲಭಾಗ ಬೆಳಗಿ, ಆಮೇಲೆ ಬಾಣ ಶ್ವಾಸಕೋಶದತ್ತ ಹೊರಡುತ್ತದೆಯಾದರೆ ವಾಕ್ಯವೂ ಅದೇ ಕ್ರಮದಲ್ಲಿರಬೇಕು. ನಿಮ್ಮ ವಾಕ್ಯದಲ್ಲಿ ಬಲಭಾಗದ ಹೆಸರು ಬರುವ ಹೊತ್ತಿಗೆ 6 ಸೆಕೆಂಡು ಕಳೆದು ಬಾಣ ಗುರಿ ಮುಟ್ಟಿರುತ್ತದೆ. ಕನ್ನಡದಲ್ಲಿ ಕರ್ತೃಪದವನ್ನು ಮುಂದಕ್ಕೆ ತಂದರೆ ಅರ್ಥವೇನೂ ಕೆಡುವುದಿಲ್ಲ:

"ಹೃದಯದ ಬಲಭಾಗ, ದೇಹದಿಂದ ಬಂದ ಆಮ್ಲಜನಕ ತಗ್ಗಿದ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದೆ."

ಸರಿಯಾಗಿ 35 ಅಕ್ಷರ.

ಉಪಶೀರ್ಷಿಕೆ ಬರೆಯುವವರು: ಎರಡು ಸಾಲಿಗೆ ಮೀರದಂತೆ ಒಡೆದರೆ ಸಾಕಲ್ಲವೇ? ನಾನು ಹಾಗೆಯೇ ಮಾಡುತ್ತೇನೆ.

ನಿರೂಪಣಾ ನಿರ್ದೇಶಕರು: ಅದು ಕಣ್ಣಿನಿಂದ ಓದುವ ಬರಹದ ಲೆಕ್ಕ, ಇಲ್ಲಿ ಕೇಳಿರುವುದು ಧ್ವನಿಯದ್ದು. ಅಂಕಿಗಳ ವಿಷಯದಲ್ಲಂತೂ ಇವೆರಡಕ್ಕೂ ಅಜಗಜಾಂತರ: '1,25,000' ಎಂದು ಬರೆದರೆ ಕಾಣುವುದು ಆರೇ ಅಂಕಿ, ಆದರೆ ಬಾಯಲ್ಲಿ ಅದು 'ಒಂದು ಲಕ್ಷದ ಇಪ್ಪತ್ತೈದು ಸಾವಿರ' ಎಂದು 12 ಅಕ್ಷರವಾಗಿ ಎರಡು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಎಣಿಸುವ ಮೊದಲು ಸ್ಕ್ರಿಪ್ಟಿನ ಅಂಕಿಗಳನ್ನೆಲ್ಲ ಅಕ್ಷರದಲ್ಲಿ ಬರೆದುಕೊಳ್ಳಿ.

ನಿವೃತ್ತ ಕನ್ನಡ ಉಪನ್ಯಾಸಕರು: 'ತಳ್ಳುತ್ತದೆ' ಮತ್ತು 'ಕಳುಹುವ' ಎರಡರಲ್ಲೂ ನಾಲ್ಕೇ ಅಕ್ಷರ, ಆದರೆ ಮೊದಲನೆಯದರಲ್ಲಿ ಒತ್ತಕ್ಷರದ ಹಿಂದಿನ ಅಕ್ಷರಗಳು ಗುರುವಾಗುತ್ತವೆ. ಛಂದಸ್ಸಿನಂತೆ ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಹಿಡಿಯುವುದೇ ಸರಿಯಾದ ಅಳತೆಯಲ್ಲವೇ?

ನಿರೂಪಣಾ ನಿರ್ದೇಶಕರು: ತಮ್ಮ ಮಾತು ಸರಿಯಾಗಿಯೇ ಇದೆ, ಸರ್. ಒಂದೆರಡು ಸ್ಕ್ರಿಪ್ಟುಗಳಿಗೆ ಹಾಗೆ ಲೆಕ್ಕ ಹಾಕಿಯೂ ನೋಡಿದೆ. ಉದ್ದದ ವಾಕ್ಯದಲ್ಲಿ ಲಘು ಗುರುಗಳು ಬೆರೆತು ವ್ಯತ್ಯಾಸ ಅಷ್ಟಾಗಿ ಉಳಿಯಲಿಲ್ಲ. ಎರಡು ಮೂರು ಪದಗಳ ತುಣುಕುಗಳಲ್ಲಿ ಮಾತ್ರೆಯೇ ಮೇಲು ಎನಿಸಿತು. ಇದರಲ್ಲಿ ನನಗಿನ್ನೂ ಖಚಿತ ಅಭಿಪ್ರಾಯವಿಲ್ಲ.

ಅನುವಾದಕಿ: ಬಹಳ ಉಪಕಾರವಾಯಿತು, ಸರ್. ಆದರೆ ಸ್ಕ್ರಿಪ್ಟ್ ಪರಿಶೀಲಿಸುವ ವೈದ್ಯರು 'ದೇಹದ ಎಲ್ಲ ಭಾಗಗಳಿಂದ' ಎಂಬುದನ್ನು ಬಿಡಲು ಒಪ್ಪುತ್ತಿಲ್ಲ.

ನಿರೂಪಣಾ ನಿರ್ದೇಶಕರು: ಅದನ್ನು ಇದೇ ವಾಕ್ಯಕ್ಕೆ ಸೇರಿಸಿದರೆ 41 ಅಕ್ಷರವಾಗಿ ಮಾತು ಮುಂದಿನ ದೃಶ್ಯಕ್ಕೆ ಚಾಚುತ್ತದೆ. ಹಿಂದಿನ ದೃಶ್ಯದ ಕೊನೆಯಲ್ಲಿ ಮಾತಿಲ್ಲದ ಮೂರೂವರೆ ಸೆಕೆಂಡು ಇದೆಯೇ ನೋಡಿ. ಇದ್ದರೆ "ರಕ್ತ ದೇಹದ ಎಲ್ಲ ಭಾಗಗಳಿಂದ ಮರಳುತ್ತದೆ" ಎಂಬ 17 ಅಕ್ಷರ ಅಲ್ಲಿ ಕೂರುತ್ತದೆ, ಇಲ್ಲಿ 'ದೇಹದಿಂದ ಬಂದ' ಎಂಬುದನ್ನೂ ಬಿಡಬಹುದು. ಇಲ್ಲದಿದ್ದರೆ ಎರಡೂ ವಾಕ್ಯಗಳನ್ನು ವಿಡಿಯೊದ ಮೇಲೆ ಓದಿಸಿ ವೈದ್ಯರಿಗೆ ಕೇಳಿಸಿ, ಯಾವ ಮಾತನ್ನು ಬಿಡಬೇಕೆಂದು ಅವರೇ ಹೇಳಲಿ.