ಸಹಾಯ ಬೇಕು: ಪ್ರೊಫೈಲಿನ ಇಂಗ್ಲಿಷ್ ಸ್ವಲ್ಪ ನೋಡ್ರಿ

ಎಲ್ಲಾರಿಗೂ ನಮಸ್ಕಾರರಿ. ನಾನು ಬಾಗಲಕೋಟಿಯಾಕಿ, ಸೀರಿ ಅಂಗಡಿಯೊಳಗ ಲೆಕ್ಕ ಬರೀತೀನಿ. ಬ್ಯಾರೆ ಕೆಲಸ ಹುಡುಕಾಕ ಪ್ರೊಫೈಲ್ ಬರಿಯಾಕತ್ತೀನಿ. ಮೊದಲು ಹಿಂಗ ಬರದಿದ್ದೆ: ‘ಮೈಸೆಲ್ಫ್ ಅಕೌಂಟೆಂಟ್. ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೋರ್ ಇಯರ್ಸ್.’

ನಮ್ಮಣ್ಣ ಓದಿ ನಕ್ಕಬಿಟ್ಟ. ‘ನಾಲ್ಕು ವರ್ಷದಿಂದ’ ಅನ್ನೂದರಾಗಿನ ‘ಇಂದ’ನ ಇಲ್ಲಿ ಸಿನ್ಸ್ ಆಗಿ ಕುಂತೈತಿ ಅಂದ. ಕನ್ನಡದಾಗ ‘2021ರಿಂದ’ ಅಂದರೂ, ‘ನಾಲ್ಕು ವರ್ಷದಿಂದ’ ಅಂದರೂ ಅದ ‘ಇಂದ’ ನಡೀತೈತಿ. ಇಂಗ್ಲಿಷಿನ್ಯಾಗ ಶುರುವಾದ ವರ್ಷಕ್ಕ ಸಿನ್ಸ್, ಎಷ್ಟು ಕಾಲ ಅನ್ನೂದಕ್ಕ ಫಾರ್. ಅದಕ್ಕ ಈಗ ‘ಐ ಆ್ಯಮ್ ಆ್ಯನ್ ಅಕೌಂಟೆಂಟ್. ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಫೋರ್ ಇಯರ್ಸ್’ ಅಂತ ತಿದ್ದೀನಿ. ಆ ‘ಆ್ಯನ್’ ನಮ್ಮ ಭಾಷಾದಾಗ ಇಲ್ಲಲ್ಲರಿ, ಪ್ರತಿ ಸಲ ಕೈಬಿಟ್ಟ ಹೋಗತೈತಿ.

ಈಗ ಸಿಕ್ಕೊಂಡಿದ್ದು ಇಲ್ಲಿ. ಇದಕ್ಕೂ ಮೊದಲು ಬಾದಾಮಿಯೊಳಗ ಎರಡು ವರ್ಷ ಕೆಲಸ ಮಾಡಿ ಬಿಟ್ಟೀನಿ. ಅದಕ್ಕೂ ‘ಹ್ಯಾವ್ ವರ್ಕ್ಡ್’ ಅನ್ನಬೇಕೋ, ಮುಗದ ಕೆಲಸಕ್ಕ ಬರೇ ‘ವರ್ಕ್ಡ್’ ಸಾಕೋ? ಮತ್ತ ‘ಲೆಕ್ಕ ನೋಡತಿದ್ದೆ’ ಅಂತ ‘ಐ ವಾಸ್ ಸೀಯಿಂಗ್ ಅಕೌಂಟ್ಸ್’ ಬರದೀನಿ, ನನಗ ಅನುಮಾನ. ‘ಹ್ಯಾಂಡಲ್ಡ್’ ಅಂದರ ನಡೀತೈತೇನ್ರಿ? ಗೊತ್ತಿದ್ದವರು ಆ ಎರಡು ಸಾಲು ತಿದ್ದಿ ಕೊಡ್ರಿ. ನಾಳೆ ಸಂಜಿಗೆ ಹಾಕಬೇಕು.