ಸೆಕ್ಯುರಿಟಿ ಘಟನೆಯ ಮೇಲ್: ಕೆಲವರಿಗೆ ಸಿಕ್ಕೇ ಇಲ್ಲ, ಉಳಿದವರು ಅದನ್ನೇ ಫಿಶಿಂಗ್ ಅಂತಿದ್ದಾರೆ

ಎರಡನೇ_ಮಾನಿಟರ್
ನಮ್ಮ ಆಫೀಸಿನ ಮೇಲ್ ಎಲ್ಲ ಮೈಕ್ರೋಸಾಫ್ಟ್ 365ರಲ್ಲಿದೆ. ಅಕೌಂಟ್ಸ್‌ನ ಒಬ್ಬರ ಖಾತೆಯಿಂದ ಗ್ರಾಹಕರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಹಾಕಿ" ಅಂತ ಮೇಲ್ ಹೋಗಿದೆ. ಒಬ್ಬ ಗ್ರಾಹಕರು ಅನುಮಾನ ಬಂದು ಫೋನ್ ಮಾಡಿದ್ದರಿಂದ ಗೊತ್ತಾಯಿತು.

ಆಡಳಿತದವರು ಕೂಡಲೇ ಎಲ್ಲ ಸಿಬ್ಬಂದಿಗೂ ಮೇಲ್ ಕಳಿಸಿದರು. ಸಬ್ಜೆಕ್ಟ್ `URGENT: Email hacked - phishing alert`. ಒಳಗೆ ಒಂದು ಲಿಂಕ್, "1 ಗಂಟೆಯೊಳಗೆ ಇದನ್ನು ಒತ್ತಿ ಪಾಸ್‌ವರ್ಡ್ ಬದಲಿಸಿ, ಇಲ್ಲದಿದ್ದರೆ ಖಾತೆ ಬಂದ್" ಅನ್ನೋ ಸಾಲು. ಈಗ ಅರ್ಧ ಜನ ಇದನ್ನೇ ಫಿಶಿಂಗ್ ಅಂತ ರಿಪೋರ್ಟ್ ಮಾಡಿದ್ದಾರೆ. ಅಕೌಂಟ್ಸ್‌ನ ಮೂವರು "ನಮಗೆ ಅಂಥ ಮೇಲೇ ಬಂದಿಲ್ಲ" ಅಂತಾರೆ. ಮೆಸೇಜ್ ಟ್ರೇಸ್ ನೋಡಿದರೆ ಮೂವರಿಗೂ `Delivered` ಅಂತಿದೆ. ಎಲ್ಲಿ ಹೋಯಿತು? ಹೊಸ ಮೇಲ್ ಬರೆಯೋ ಕೆಲಸ ನನ್ನ ತಲೆಗೆ ಬಂದಿದೆ.

ಬೆಳಗಿನ_ಶಿಫ್ಟ್
ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಡ್ಮಿನ್ ಕಡೆಯಿಂದಲೇ ಎಲ್ಲರ ಪಾಸ್‌ವರ್ಡ್ ರೀಸೆಟ್ ಮಾಡಿಬಿಡಿ, ಒಳಗಿರೋನು ಹೊರಗೆ ಬೀಳ್ತಾನೆ. ಕಂಪ್ಯೂಟರ್‌ಗಳನ್ನೆಲ್ಲ ಆಫ್ ಮಾಡಿ ಆ್ಯಂಟಿವೈರಸ್ ಸ್ಕ್ಯಾನ್ ಹಾಕೋಕೆ ಮೇಲ್‌ನಲ್ಲಿ ಹೇಳಿ. ಮೇಲ್ ಸ್ಪ್ಯಾಮ್‌ಗೆ ಹೋಗಿರುತ್ತೆ.

ಹಳೇ_ಸರ್ವರ್
ಸ್ಪ್ಯಾಮ್‌ಗೆ ಹೋಗಿಲ್ಲ ಅಂತ ನನ್ನ ಅನುಮಾನ. ಮೊದಲು ಆ ಮೂವರ ಇನ್‌ಬಾಕ್ಸ್ ರೂಲ್ ನೋಡಿ. ಔಟ್‌ಲುಕ್ ಕಿಟಕಿಯಲ್ಲಿ ಕಾಣದ ರೂಲ್‌ಗಳೂ ಇರುತ್ತವೆ. ಅದಕ್ಕೇ ಪವರ್‌ಶೆಲ್‌ನಿಂದ ನೋಡಿ:

```
Get-InboxRule -Mailbox user@example.com -IncludeHidden |
  fl Name,From,SubjectOrBodyContainsWords,MoveToFolder,DeleteMessage,ForwardTo
```

ಖಾತೆಗೆ ನುಗ್ಗಿದವರು ಮೊದಲು ಮಾಡೋ ಕೆಲಸಗಳಲ್ಲಿ ಇದೂ ಒಂದು. ಮೇಲ್‌ನಲ್ಲಿ `hack`, `phish`, `invoice` ಥರದ ಪದ ಇದ್ದರೆ ಓದಿದ ಹಾಗೆ ಗುರುತು ಹಾಕಿ, ಯಾರೂ ತೆರೆಯದ `RSS Feeds` ಫೋಲ್ಡರ್‌ಗೆ ತಳ್ಳೋ ರೂಲ್. ಗ್ರಾಹಕರು "ಇದು ನಿಜವಾ?" ಅಂತ ಕೇಳಿದರೂ ಖಾತೆಯ ಯಜಮಾನರಿಗೆ ಕಾಣಬಾರದು ಅಂತ. ನಿಮ್ಮ ಸಬ್ಜೆಕ್ಟ್‌ನಲ್ಲಿ ಅಂಥ ಎರಡು ಪದ ಇವೆ. ಅಂದರೆ ಯಾರಿಗೆ ಮುಖ್ಯವಾಗಿ ತಲುಪಬೇಕಿತ್ತೋ ಅವರಿಗೇ ತಲುಪಿಲ್ಲ. ಟ್ರೇಸ್ `Delivered` ಅನ್ನೋದು ಮೇಲ್‌ಬಾಕ್ಸ್ ಸೇರಿತು ಅಂತ ಅಷ್ಟೇ, ಕಣ್ಣಿಗೆ ಬಿತ್ತು ಅಂತಲ್ಲ.

ಬೆಳಗಿನ ಶಿಫ್ಟ್ ಅವರೇ, ರೀಸೆಟ್ ಬೇಕೇ ಬೇಕು, ಆದರೆ ಅಷ್ಟು ಸಾಲದು. ಈಗಾಗಲೇ ಲಾಗಿನ್ ಆಗಿರೋ ಸೆಷನ್‌ಗಳನ್ನೂ ಕಡಿಯಬೇಕು:

```
Revoke-MgUserSignInSession -UserId user@example.com
```

ಇದಾದ ಮೇಲೂ ಹಳೇ ಟೋಕನ್ ಒಂದು ಗಂಟೆಯಷ್ಟು ಹೊತ್ತು ಜೀವ ಹಿಡಿದಿರಬಹುದು. ಆಮೇಲೆ ಆ ಖಾತೆಗೆ ಯಾವ ಫೋನ್ ಎರಡನೇ ದೃಢೀಕರಣಕ್ಕೆ ನೋಂದಣಿಯಾಗಿದೆ ನೋಡಿ. ನುಗ್ಗಿದವನ ಫೋನೇ ಅಲ್ಲಿ ಕೂತಿದ್ದರೆ ಮತ್ತೆ ಒಳಗೆ ಬರೋಕೆ ಅದು ದಾರಿ. ಯಾವುದಾದರೂ ಅಪರಿಚಿತ ಆ್ಯಪ್‌ಗೆ ಮೇಲ್ ಓದೋ ಅನುಮತಿ ಕೊಟ್ಟಿದ್ದರೆ ಅದು ಪಾಸ್‌ವರ್ಡ್ ಬದಲಿಸಿದರೂ ಉಳಿಯುತ್ತೆ.

ಕಂಪ್ಯೂಟರ್ ಆಫ್ ಮಾಡಿಸಬೇಡಿ. ಮೆಮೊರಿಯಲ್ಲಿರೋ ಸುಳಿವು ಅಳಿಸಿ ಹೋಗುತ್ತೆ. ನೆಟ್‌ವರ್ಕ್ ಕೇಬಲ್ ತೆಗೆದು, ವೈಫೈ ಆಫ್ ಮಾಡಿ, ಯಂತ್ರ ಹಾಗೇ ಓಡ್ತಾ ಇರಲಿ. ಅದೂ ಅನುಮಾನ ಇರೋ ಯಂತ್ರ ಮಾತ್ರ.

ಗುಬ್ಬಿ_ಕೀಬೋರ್ಡ್
ನನಗೂ ಹೀಗೇ ಆಗಿತ್ತು! ನನ್ನ ಫೋಟೋ ಖಾತೆಯ ಪಾಸ್‌ವರ್ಡ್ ಯಾರೋ ಬದಲಿಸಿ ಸ್ನೇಹಿತರ ಹತ್ತಿರ ದುಡ್ಡು ಕೇಳಿದ್ದರು. ಬೇರೆ ಇಮೇಲ್ ಕೊಟ್ಟು ವಾಪಸ್ ಪಡೆದೆ. ನೀವೂ ರಿಕವರಿ ಇಮೇಲ್ ಹಾಕಿಕೊಳ್ಳಿ.

ಎರಡನೇ_ಮಾನಿಟರ್
ಗುಬ್ಬಿ ಅವರೇ, ಇದು ಆಫೀಸ್ ಖಾತೆ, ರಿಕವರಿ ಅಡ್ಮಿನ್ ಕೈಯಲ್ಲೇ ಇದೆ. ಆದರೂ ಥ್ಯಾಂಕ್ಸ್.

ಹಳೇ ಸರ್ವರ್ ಸರ್, ಮೂವರಲ್ಲಿ ಇಬ್ಬರ ಖಾತೆಯಲ್ಲಿ ರೂಲ್ ಸಿಕ್ಕಿತು. ಹೆಸರು ಬರೀ ಒಂದು ಚುಕ್ಕಿ! ಮೇಲ್ ನೀವು ಹೇಳಿದ ಫೋಲ್ಡರ್‌ನಲ್ಲೇ ಇತ್ತು. ಒಬ್ಬರ ಖಾತೆಗೆ ಅವರಿಗೆ ಗೊತ್ತೇ ಇಲ್ಲದ ಫೋನ್ ಸೇರಿಸಿದ್ದಾರೆ. ಮೂರನೆಯವರ ಹತ್ತಿರ ಏನೂ ಸಿಗಲಿಲ್ಲ. ಚುಕ್ಕಿ ರೂಲ್ ಈಗಲೇ ಅಳಿಸಲಾ?

ಹಳೇ_ಸರ್ವರ್
ಮೊದಲು ಆ ಕಮಾಂಡ್ ಕೊಟ್ಟ ಉತ್ತರವನ್ನು ಫೈಲ್‌ಗೆ ಉಳಿಸಿಕೊಳ್ಳಿ. ಆಮೇಲೆ ಲಾಗಿನ್ ತಡೆಯಿರಿ, ಸೆಷನ್ ಕಡಿಯಿರಿ, ಪಾಸ್‌ವರ್ಡ್ ಬದಲಿಸಿ, ಆ ಫೋನ್ ತೆಗೆಯಿರಿ. ರೂಲ್ ಅಳಿಸೋದು ಕೊನೆಗೆ. ಅವನು ಒಳಗಿರುವಾಗಲೇ ರೂಲ್ ಅಳಿಸಿದರೆ ಇನ್ನೊಂದು ಹಾಕ್ತಾನೆ, ಜೊತೆಗೆ ನೀವು ಕಂಡುಹಿಡಿದಿದ್ದೀರಿ ಅಂತ ಅವನಿಗೂ ಗೊತ್ತಾಗುತ್ತೆ.

ಮಿಂಚಂಚೆ_ಮೇಷ್ಟ್ರು
ಮೇಲ್ ಬರೆಯೋದು ನನ್ನ ಕಸುಬು, ಹಾಗಾಗಿ ನಾನೊಂದು ಮಾತು ಹೇಳಲೇ? "ಬೇಗ ಮಾಡಿ, ಲಿಂಕ್ ಒತ್ತಿ, ಇಲ್ಲದಿದ್ದರೆ ಬಂದ್" ಅನ್ನೋದು ಕಳ್ಳರ ಮೇಲ್‌ನ ಧಾಟಿ. ಅದನ್ನು ನಂಬಬೇಡಿ ಅಂತ ಕಲಿಸಿ, ಅದೇ ಧಾಟಿಯಲ್ಲಿ ಬರೆದರೆ ಜನ ರಿಪೋರ್ಟ್ ಮಾಡದೆ ಇನ್ನೇನು ಮಾಡ್ತಾರೆ? ಅವರು ಸರಿಯಾಗೇ ಮಾಡಿದ್ದಾರೆ. ಲಿಂಕ್ ತೆಗೆದು ಹೀಗೆ ಬರೆಯಿರಿ:

> ವಿಷಯ: ಸೋಮವಾರದ ಮೇಲ್ ವ್ಯವಸ್ಥೆ ಬಗ್ಗೆ ಎಲ್ಲ ಸಿಬ್ಬಂದಿಗೆ
>
> ನಮ್ಮ ಕೆಲವು ಮೇಲ್ ಖಾತೆಗಳನ್ನು ಹೊರಗಿನವರು ಬಳಸಿರುವುದು ಸೋಮವಾರ ಬೆಳಿಗ್ಗೆ ಗೊತ್ತಾಗಿದೆ. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂದು ಕೆಲವು ಗ್ರಾಹಕರಿಗೆ ಸುಳ್ಳು ಮೇಲ್ ಹೋಗಿದೆ. ನಮ್ಮ ಬ್ಯಾಂಕ್ ಖಾತೆ ಬದಲಾಗಿಲ್ಲ. ಬೇರೆ ಏನೇನು ಹೊರಗೆ ಹೋಗಿದೆ ಎಂದು ನೋಡುತ್ತಿದ್ದೇವೆ.
>
> ಈ ಮೇಲ್‌ನಲ್ಲಿ ಯಾವ ಲಿಂಕೂ ಇಲ್ಲ. ಇದು ನಿಜವೇ ಎಂದು ತಿಳಿಯಲು, ನಿಮ್ಮ ಐಡಿ ಕಾರ್ಡ್ ಹಿಂದೆ ಇರುವ ಐಟಿ ನಂಬರಿಗೆ ಫೋನ್ ಮಾಡಿ. ಪಾಸ್‌ವರ್ಡ್ ಬದಲಿಸಲು ಎಂದಿನ ವಿಳಾಸವನ್ನು ನೀವೇ ಟೈಪ್ ಮಾಡಿ.
>
> ನಿಮಗೆ ಗೊತ್ತಿಲ್ಲದ ಲಾಗಿನ್ ಒಪ್ಪಿಗೆ ಫೋನಿಗೆ ಬಂದರೆ ಒಪ್ಪಬೇಡಿ, ನಮಗೆ ತಿಳಿಸಿ. ಅನುಮಾನದ ಮೇಲ್ ಅಳಿಸಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ಯಾವುದಾದರೂ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟಿದ್ದರೆ ಈಗಲೇ ಹೇಳಿ. ಹೇಳಿದವರ ಮೇಲೆ ಯಾವ ಕ್ರಮವೂ ಇಲ್ಲ.
>
> ಗ್ರಾಹಕರು ಕೇಳಿದರೆ ನೀವು ಉತ್ತರಿಸದೆ ಅಕೌಂಟ್ಸ್ ಮುಖ್ಯಸ್ಥರಿಗೆ ಫೋನ್ ಕೊಡಿ. ಸಂಜೆ 5ಕ್ಕೆ ಮುಂದಿನ ಮಾಹಿತಿ ಬರುತ್ತದೆ.

ಕ್ರಮ ಇಲ್ಲ ಅನ್ನೋ ಸಾಲಿಗೆ ಆಡಳಿತದವರ ಒಪ್ಪಿಗೆ ತಗೊಂಡೇ ಹಾಕಿ. ಸುಮ್ನೆ ಬರೆದು ಆಮೇಲೆ ಮೆಮೊ ಕೊಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ.

ಹಳೇ_ಸರ್ವರ್
ಚೆನ್ನಾಗಿದೆ. ಆದರೆ ಇದೂ ಮೇಲ್ ತಾನೇ? ಕಳ್ಳನೂ ಓದ್ತಾನೆ ಅಂತ ಇಟ್ಟುಕೊಂಡೇ ಬರೆಯಿರಿ. ಚುಕ್ಕಿ ರೂಲ್ ವಿಷಯ ಅದರಲ್ಲಿ ಬರಬಾರದು, ಸಿಕ್ಕಿಬಿದ್ದ ಖಾತೆಗಳ ಬೀಗ ಬದಲಿಸಿದ ಮೇಲೇ ಕಳಿಸಿ. ಜೊತೆಗೆ ಪ್ರತಿ ವಿಭಾಗದ ಮುಖ್ಯಸ್ಥರು ತಮ್ಮವರಿಗೆ ಬಾಯಲ್ಲಿ ಹೇಳಿ, "ಮೇಲ್ ಸಿಕ್ಕಿತಾ?" ಅಂತ ಒಬ್ಬೊಬ್ಬರನ್ನೂ ಕೇಳಲಿ. ಸಿಕ್ಕಿಲ್ಲ ಅಂದವರ ಹೆಸರು ನಿಮ್ಮ ಮುಂದಿನ ತಪಾಸಣೆಯ ಪಟ್ಟಿ.

ಬೆಳಗಿನ_ಶಿಫ್ಟ್
ಟೋಕನ್ ವಿಷಯ ಒಪ್ಪಿದೆ. ಆದರೆ ಬೀಗ ಬದಲಿಸೋ ತನಕ ಮೇಲ್ ತಡೆಯೋದು ಸರಿಯಲ್ಲ. ಅಷ್ಟರಲ್ಲಿ ಇನ್ನೊಬ್ಬ ಗ್ರಾಹಕ ಹಣ ಹಾಕಿಬಿಟ್ಟರೆ?

ಹಳೇ_ಸರ್ವರ್
ಗ್ರಾಹಕರಿಗೆ ಕಾಯಬೇಡಿ, ಫೋನಲ್ಲಿ ಈಗಲೇ ಹೇಳಿ. ನಾನು ತಡೆಯಿರಿ ಅಂದಿದ್ದು ಸಿಬ್ಬಂದಿ ಮೇಲ್.

ಮಿಂಚಂಚೆ_ಮೇಷ್ಟ್ರು
ನಾನು ಬೆಳಗಿನ ಶಿಫ್ಟ್ ಅವರ ಕಡೆ. ಸಿಬ್ಬಂದಿಗೂ ಎರಡು ಸಾಲು ಮೊದಲೇ ಹೋಗಲಿ. ಗಾಳಿಸುದ್ದಿ ಅಷ್ಟರಲ್ಲಿ ಹಬ್ಬಿರುತ್ತೆ.

ಎರಡನೇ_ಮಾನಿಟರ್
ಗ್ರಾಹಕರಿಗೆ ಫೋನ್ ಶುರುವಾಗಿದೆ. ಎರಡೂ ಖಾತೆ ಮುಚ್ಚಿ, ಆಮೇಲೆ ಮೇಷ್ಟ್ರ ಮೇಲ್ ಕಳಿಸಿದೆವು. ವಿಭಾಗದವರು ಕೇಳಿಕೊಂಡು ಬಂದಾಗ ಸೇಲ್ಸ್‌ನಲ್ಲಿ ಇನ್ನೊಬ್ಬರು "ಬಂದಿಲ್ಲ" ಅಂದರು. ಅವರಲ್ಲೂ ಅದೇ ಚುಕ್ಕಿ. ಈ ಸಲ ಮೇಲ್‌ನಲ್ಲಿ ಆ ಪದಗಳೇ ಇರಲಿಲ್ಲವಲ್ಲ ಅಂತ ನೋಡಿದರೆ, ಇವರ ರೂಲ್ ನಮ್ಮ ಐಟಿ ವಿಳಾಸದಿಂದ ಬರೋ ಎಲ್ಲವನ್ನೂ ತಳ್ಳುತ್ತಿದೆ. ಈಗ ಎಲ್ಲ ಮೇಲ್‌ಬಾಕ್ಸ್‌ಗೂ ಆ ಕಮಾಂಡ್ ಓಡಿಸ್ತಾ ಇದ್ದೇನೆ. ಅಕೌಂಟ್ಸ್‌ನ ಆ ಮೂರನೆಯವರಿಗೆ ಮೊದಲ ಮೇಲ್ ಯಾಕೆ ಸಿಗಲಿಲ್ಲ ಅನ್ನೋದು ಇನ್ನೂ ಗೊತ್ತಾಗಿಲ್ಲ. ಯಾರಿಗಾದರೂ ಹೊಳೆದರೆ ಹೇಳಿ.