ರಾತ್ರಿಯೆಲ್ಲಾ ಸೆನ್ಸರ್ ಅಲಾರಂ, ಆದರೂ ನಿಜವಾದ ಲೋ ತಪ್ಪಿಹೋಯ್ತು. ಮಿತಿ ಎಷ್ಟಕ್ಕೆ ಇಡಬೇಕು?

ಹೂಬಳ್ಳಿ
ಮಗಳಿಗೆ 12 ವರ್ಷ, ಟೈಪ್ 1 ಡಯಾಬಿಟಿಸ್. ದಿನಕ್ಕೆ ನಾಲ್ಕು ಇನ್ಸುಲಿನ್ ಇಂಜೆಕ್ಷನ್, ಪಂಪ್ ಇಲ್ಲ. ಸಕ್ಕರೆ ಅಳೆಯುವ ಸೆನ್ಸರ್ ಹಾಕಲು ಶುರು ಮಾಡಿ ಎರಡು ತಿಂಗಳಾಯಿತು. ಅವಳ ಫೋನಿಗೆ ಬರುವ ಅಲಾರಂ ನನ್ನ ಫೋನಿಗೂ ಬರುತ್ತದೆ. ಯಾವುದೂ ತಪ್ಪಬಾರದು ಅಂತ ಸಕ್ಕರೆ ಇಳಿದಾಗ ಹೊಡೆಯುವ ಲೋ ಅಲಾರಂ 90ಕ್ಕೆ, ಏರಿದಾಗ ಹೊಡೆಯುವ ಹೈ ಅಲಾರಂ 160ಕ್ಕೆ ಇಟ್ಟಿದ್ದೆ. (ಅಂಕಿಗಳೆಲ್ಲಾ mg/dL.)

ಮೊನ್ನೆ ರಾತ್ರಿ ಹೀಗಾಯಿತು. 9 ಗಂಟೆಗೆ ಇನ್ಸುಲಿನ್ ತಗೊಂಡು ಊಟ ಮಾಡಿದಳು. 10:20ಕ್ಕೆ ಹೈ ಅಲಾರಂ, 188 ಇತ್ತು. 10:35ಕ್ಕೆ ಇನ್ನೂ ಒಂದೂವರೆ ಯೂನಿಟ್ ಕೊಟ್ಟೆ. ಆಮೇಲೆ 11:10ಕ್ಕೆ ಒಂದು ಅಲಾರಂ, 11:40ಕ್ಕೆ ಇನ್ನೊಂದು. 12:30ಕ್ಕೆ ಸಿಗ್ನಲ್ ಹೋಯಿತು ಅಂತ ಮತ್ತೊಂದು. ಸಾಕಾಗಿ ಫೋನನ್ನು ಸ್ಲೀಪ್ ಮೋಡ್‌ಗೆ ಹಾಕಿ ಮಲಗಿದೆ. 3:20ಕ್ಕೆ ನೀರು ಕುಡಿಯಲು ಎದ್ದಾಗ ನೋಡಿದರೆ 51. ಬೆರಳು ಚುಚ್ಚಿ ನೋಡಿದೆ, 48. ಮಗಳು ಬೆವರಿ ಒದ್ದೆಯಾಗಿದ್ದಳು. ಅವಳ ಫೋನ್ ದಿಂಬಿನ ಕೆಳಗೆ ಹೊಡೆದುಕೊಳ್ಳುತ್ತಿತ್ತು, ಅವಳಿಗೆ ಎಚ್ಚರವೇ ಇಲ್ಲ. ಗ್ಲೂಕೋಸ್ ಕೊಟ್ಟೆ, ಸರಿಯಾದಳು. ನನ್ನ ಕೈ ಮಾತ್ರ ಬೆಳಗಿನವರೆಗೂ ನಡುಗುತ್ತಿತ್ತು.

ಮಿತಿ ಎಷ್ಟಕ್ಕೆ ಇಡಬೇಕು? ಲೋ ಇನ್ನೂ ಮೇಲೆ ಏರಿಸಲಾ?

ದೀಪಸ್ತಂಭ
ಏರಿಸಿ ಅಕ್ಕ. ನಮ್ಮ ತಂದೆಗೆ 100ಕ್ಕೆ ಇಟ್ಟಿದ್ದೇವೆ. ಮೇಲೆ ಇಟ್ಟಷ್ಟೂ ಕೈಯಲ್ಲಿ ಸಮಯ ಜಾಸ್ತಿ ಇರುತ್ತದೆ. ಅವರಿಗೆ ಲೋ ಆದರೆ ಗೊತ್ತೇ ಆಗುವುದಿಲ್ಲ, ಬೆವರೂ ಇಲ್ಲ, ನಡುಕವೂ ಇಲ್ಲ. 100ಕ್ಕೆ ಇಟ್ಟಮೇಲೆ ಒಂದು ಸಲವೂ ತಪ್ಪಿಲ್ಲ.

ಬೆಳಗಿನನಡಿಗೆ
ನನಗೂ ಸೆನ್ಸರ್ ಇದೆ. ಟೈಪ್ 2, ಮೆಟ್‌ಫಾರ್ಮಿನ್ ಒಂದೇ ತಗೊಳ್ಳುವುದು. ಲೋ ಅಲಾರಂ ಪೂರ್ತಿ ಆಫ್ ಮಾಡಿದ್ದೇನೆ, ಹೈ 140ಕ್ಕೆ ಇಟ್ಟಿದ್ದೇನೆ. ಊಟದಲ್ಲಿ ಏನು ಏರಿಸುತ್ತದೆ ಅಂತ ಚೆನ್ನಾಗಿ ತಿಳಿಯುತ್ತದೆ. ನೀವೂ ಹಾಗೇ ಮಾಡಿದರೆ ರಾತ್ರಿ ನೆಮ್ಮದಿ.

ಹಳೇಬೇರು
ಬೆಳಗಿನನಡಿಗೆ ಅವರೇ, ಮೆಟ್‌ಫಾರ್ಮಿನ್ ಒಂದರಿಂದಲೇ ಲೋ ಆಗುವುದು ಅಪರೂಪ. ಅದಕ್ಕೇ ನಿಮಗೆ ಅದು ನಡೆಯುತ್ತದೆ. ಇನ್ಸುಲಿನ್ ತಗೊಳ್ಳುವ ಮಗುವಿಗೆ ಲೋ ಅಲಾರಂ ಆಫ್ ಮಾಡುವ ಮಾತೇ ಬೇಡ. ನಾಳೆ ನಿಮಗೂ ಗ್ಲಿಮೆಪಿರೈಡ್ ತರಹದ ಮಾತ್ರೆ ಸೇರಿಸಿದರೆ ಲೋ ಅಲಾರಂ ಮತ್ತೆ ಆನ್ ಮಾಡಿಕೊಳ್ಳಿ.

ಹೂಬಳ್ಳಿ ಅಕ್ಕ, ನನಗೆ ಟೈಪ್ 1 ಬಂದು 24 ವರ್ಷವಾಯಿತು, ಸೆನ್ಸರ್ ಹಾಕಿ ಏಳು ವರ್ಷ. ನೀವು ಬರೆದ ಹೊತ್ತುಗಳನ್ನು ಎರಡು ಸಲ ಓದಿದೆ. ಲೋ ಅಲಾರಂ ಕೆಳಗಿದ್ದದ್ದರಿಂದ ಹೀಗಾಗಲಿಲ್ಲ. ಹೈ ಅಲಾರಂ ಕೆಳಗಿದ್ದದ್ದರಿಂದ ಆಯಿತು.

10:20ರ 188 ನೋಡಿ. ಊಟವಾಗಿ ಒಂದು ಗಂಟೆ ಇಪ್ಪತ್ತು ನಿಮಿಷ ಅಷ್ಟೇ. ಆಗ ಸಕ್ಕರೆ ಏರುವುದು ಸಹಜ. 9 ಗಂಟೆಯ ಇನ್ಸುಲಿನ್ ಇನ್ನೂ ಅರ್ಧ ಕೆಲಸವನ್ನೂ ಮುಗಿಸಿರಲಿಲ್ಲ. ಊಟದ ಇನ್ಸುಲಿನ್ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅಲಾರಂ ಹೊಡೆಯಿತು, ಏನಾದರೂ ಮಾಡಲೇಬೇಕು ಅನ್ನಿಸಿತು, ಕೊಟ್ಟಿರಿ. ಒಂದರ ಮೇಲೊಂದು ಇನ್ಸುಲಿನ್ ಬಿತ್ತು. ಎರಡೂ ಸೇರಿ ಮಧ್ಯರಾತ್ರಿಯ ನಂತರ ಸಕ್ಕರೆಯನ್ನು ಕೆಳಗೆ ಎಳೆದವು. ಅದೇ ಹೈ ಅಲಾರಂ ಬಿಡದೆ ಹೊಡೆದು ನಿಮ್ಮ ಕೈಯಿಂದ ಫೋನಿನ ಬಾಯಿಯನ್ನೂ ಮುಚ್ಚಿಸಿತು.

ಒಂದು ಕೆಲಸ ಮಾಡಿ. ಹೋದ ಏಳು ರಾತ್ರಿಯ ಅಲಾರಂಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ, ಅದು ಹೊಡೆದಾಗ ಏನು ಮಾಡಬೇಕಿತ್ತು ಅಂತ ಬರೆಯಿರಿ. ಆಮೇಲೆ ಮಿತಿಯ ಮಾತಾಡೋಣ.

ಹೂಬಳ್ಳಿ
ಸರ್, ಹೈ ಅಲಾರಂನಿಂದ ಲೋ ಆಗುತ್ತೆ ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಬರೆದು ನೋಡಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಏಳು ರಾತ್ರಿಗೆ ಒಟ್ಟು 61 ಅಲಾರಂ. ಹೈ 38, ಲೋ 17, ಸಿಗ್ನಲ್ ಹೋದದ್ದು 6.

ಹೈ 38ರಲ್ಲಿ ಏನಾದರೂ ಮಾಡಲೇಬೇಕಿದ್ದದ್ದು 3. ಉಳಿದವು ಊಟದ ಏರಿಕೆ, ಇಲ್ಲವೇ ಅದೇ ಅಲಾರಂ ಮತ್ತೆ ಮತ್ತೆ. ಲೋ 17ರಲ್ಲಿ 4 ಮಾತ್ರ ನಿಜವಾಗಿ 70ಕ್ಕಿಂತ ಕೆಳಗೆ ಹೋಗಿವೆ. 8 ಸಲ 82–88ರ ಹತ್ತಿರ ಗೆರೆ ಸಮವಾಗಿ ಓಡಿದೆ, ಇಳಿದೇ ಇಲ್ಲ. ಇನ್ನು 5 ನನಗೆ ಅರ್ಥವಾಗಲಿಲ್ಲ. 120ರಿಂದ ಹತ್ತು ನಿಮಿಷದಲ್ಲಿ 70ಕ್ಕೆ ಬಿದ್ದು, ಇಪ್ಪತ್ತು ನಿಮಿಷದ ಮೇಲೆ ತಾನೇ 115ಕ್ಕೆ ಬಂದಿದೆ. ಏನೂ ತಿನ್ನಿಸಿಲ್ಲ.

ಮಳೆಬಿಲ್ಲು
ಆ 5 ಸಲ ಅವಳು ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದ್ದಳು ಅನ್ಸುತ್ತೆ. ನನ್ನ ಮಗನಿಗೂ ಹೀಗೇ ಆಗುತ್ತಿತ್ತು. ಒತ್ತಿದ ಜಾಗದಲ್ಲಿ ಸೆನ್ಸರ್ ಸುಳ್ಳು ಲೋ ತೋರಿಸುತ್ತದೆ, ಮಗ್ಗುಲು ಬದಲಿಸಿದರೆ ಸರಿಹೋಗುತ್ತದೆ. ಗೆರೆ ಗುಂಡಿಗೆ ಬಿದ್ದು ಎದ್ದ ಹಾಗೆ ಕಾಣುತ್ತದೆ. ನಿಜವಾದ ಲೋ ಇಳಿಜಾರಿನಂತೆ ಬರುತ್ತದೆ. ಗೆರೆ ಹಾಗೆ ಕಂಡರೆ ಸುಮ್ನೆ ಮಗ್ಗುಲು ಬದಲಿಸಿ ಮಲಗಿಸಿಬಿಡಿ.

ಹಳೇಬೇರು
ಗೆರೆಯ ಆಕಾರ ನೀವು ಹೇಳಿದಂತೆಯೇ. ಆದರೆ ಸುಮ್ನೆ ಮಲಗಿಸಿಬಿಡಿ ಅನ್ನುವುದನ್ನು ನಾನು ಒಪ್ಪಲ್ಲ. ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ. ಮಲಗುವ ಮುಂಚೆ ಕೊಟ್ಟ ಇನ್ಸುಲಿನ್ ಇನ್ನೂ ಓಡುತ್ತಿದ್ದರೆ ಬೇಗ ಬೀಳುವ ಲೋ ನಿಜವೂ ಆಗಿರಬಹುದು. ಮುಂದಿನ ಸೆನ್ಸರನ್ನು ಅವಳು ಯಾವ ಮಗ್ಗುಲಿಗೆ ಮಲಗುತ್ತಾಳೋ ಅದರ ಎದುರಿನ ತೋಳಿಗೆ ಹಾಕಿ. ಹೊಸ ಸೆನ್ಸರ್ ಹಾಕಿದ ಮೊದಲ ರಾತ್ರಿಯೂ ಅಂಕಿ ಸ್ವಲ್ಪ ಅತ್ತಿತ್ತ ಇರುತ್ತದೆ. ಆದ್ದರಿಂದ ನಾನು ಬೆಳಗ್ಗೆಯೇ ಬದಲಿಸುತ್ತೇನೆ.

ಈಗ ಲೋ ಮಿತಿ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಸಕ್ಕರೆ ಇಳಿಯುತ್ತಿರುವಾಗ ಅದು ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದೆ ಇರುತ್ತದೆ. ಹತ್ತು ನಿಮಿಷ ಅಂತಿಟ್ಟುಕೊಳ್ಳಿ. ಆ ರಾತ್ರಿಯ ಗೆರೆ ನೋಡಿ, 90ರಿಂದ 70ಕ್ಕೆ ಎಷ್ಟು ಹೊತ್ತಾಯಿತು?

ಹೂಬಳ್ಳಿ
1:50ಕ್ಕೆ 90, 2:15ಕ್ಕೆ 70. 25 ನಿಮಿಷ.

ಹಳೇಬೇರು
ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 1. ಹೀಗೆ ಇಳಿಯುವಾಗ ಸೆನ್ಸರ್ 70 ಅಂದರೆ ರಕ್ತದಲ್ಲಿ ಆಗಲೇ 60ರ ಹತ್ತಿರ. ಅಪಾಯದ ಮಟ್ಟವಾದ 54ಕ್ಕೆ ಇನ್ನು ಆರೇ ನಿಮಿಷ. ನೀವು ನಿದ್ದೆಯಿಂದ ಎದ್ದು ಅವಳ ಕೋಣೆಗೆ ಹೋಗಿ ಚುಚ್ಚಿ ನೋಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. 80ಕ್ಕೆ ಇಟ್ಟರೆ 16 ನಿಮಿಷ ಸಿಗುತ್ತದೆ. 90ಕ್ಕೆ ಇಟ್ಟರೆ 26 ಸಿಗುತ್ತದೆ, ಆದರೆ ಅದಕ್ಕೆ ನೀವು ತೆತ್ತ ಬೆಲೆ ಆ 8 ಅಲಾರಂ. ಏನೂ ಆಗದ ಅಲಾರಂ ವಾರಕ್ಕೆ ಎಂಟು ಸಲ ಹೊಡೆದರೆ ಒಂಬತ್ತನೆಯದಕ್ಕೆ ಕೈ ತಾನಾಗಿಯೇ ಆಫ್ ಬಟನ್‌ಗೆ ಹೋಗುತ್ತದೆ.

ರಾತ್ರಿಗೆ ಲೋ 80, ಹಗಲಿಗೆ 70 ಇಡಿ. ಹಗಲಲ್ಲಿ ಅವಳು ಎಚ್ಚರವಾಗಿರುತ್ತಾಳೆ, ಲೋ ಆದರೆ ಗೊತ್ತಾಗುತ್ತದೆ ಅಲ್ವಾ? ನಿಮಿಷಕ್ಕೆ 2ರಂತೆ ಬಿದ್ದರೆ 80 ಕೂಡ ಸಾಲದು. ಸೆನ್ಸರ್ 80 ತೋರಿಸುವ ಹೊತ್ತಿಗೆ ರಕ್ತ 60ಕ್ಕೆ ಬಂದಿರುತ್ತದೆ. ಅದಕ್ಕೆ ಮಿತಿ ಏರಿಸುವುದು ದಾರಿಯಲ್ಲ. ಬೇಗ ಬೀಳುತ್ತಿದೆ ಅಂತ ಹೇಳುವ ಬೇರೆ ಅಲಾರಂ ನಿಮ್ಮ ಆಪ್‌ನಲ್ಲಿದ್ದರೆ ಅದನ್ನು ಆನ್ ಮಾಡಿ. ತುರ್ತು ಲೋ ಅಲಾರಂ ಕೆಲವು ಆಪ್‌ಗಳಲ್ಲಿ 55ಕ್ಕೇ ಇರುತ್ತದೆ, ಬದಲಿಸಲು ಬರುವುದಿಲ್ಲ. ಅದು ಇದೆಯಲ್ಲ ಅಂತ ನಂಬಿ ಕೂರಬೇಡಿ, ಅದು ಕೊನೆಯ ಗಂಟೆ.

ದೀಪಸ್ತಂಭ ಅವರೇ, ನಿಮ್ಮ ತಂದೆಗೆ ಮಿತಿ ಮೇಲೆ ಇಟ್ಟದ್ದು ಸರಿಯೇ. ಲೋ ಗೊತ್ತಾಗದವರಿಗೆ ಹೆಚ್ಚು ಸಮಯ ಬೇಕು. ಆದರೆ 100ಕ್ಕೆ ವಾರಕ್ಕೆ ಎಷ್ಟು ಸಲ ಸುಮ್ಮನೆ ಹೊಡೆಯುತ್ತದೆ ಅಂತ ನೀವೂ ಒಮ್ಮೆ ಎಣಿಸಿ.

ದೀಪಸ್ತಂಭ
ಎಣಿಸಿಲ್ಲ. ರಾತ್ರಿ ಎದ್ದು ನೋಡುವುದು ನನ್ನ ಹೆಂಡತಿ. ಈ ವಾರ ಅವಳನ್ನೇ ಕೇಳಿ ಬರೆಯುತ್ತೇನೆ. ಆದರೂ 100ರಿಂದ ಇಳಿಸಲು ನನಗೆ ಧೈರ್ಯವಿಲ್ಲ.

ಹೂಬಳ್ಳಿ
ಹೈ ಎಷ್ಟಕ್ಕೆ ಇಡಲಿ ಸರ್?

ಹಳೇಬೇರು
ರಾತ್ರಿಗೆ 250. ಒಂದು ಗಂಟೆ ತಡ ಅಂತ ಹಾಕುವ ಸೌಲಭ್ಯವಿದ್ದರೆ ಅದನ್ನೂ ಹಾಕಿ. ಗಂಟೆಯಾದರೂ ಮೇಲೇ ನಿಂತಿದ್ದರೆ ಮಾತ್ರ ಹೊಡೆಯುತ್ತದೆ. ಊಟದ ಇನ್ಸುಲಿನ್ ಆಗಿ ಮೂರು ಗಂಟೆಯೊಳಗೆ ಹೆಚ್ಚುವರಿ ಇನ್ಸುಲಿನ್ ಕೊಡುವ ಮುಂಚೆ ಡಾಕ್ಟರ ಹತ್ತಿರ ಮಾತಾಡಿ.

ಮಳೆಬಿಲ್ಲು
250 ನನಗೆ ಜಾಸ್ತಿ ಅನ್ನಿಸುತ್ತದೆ. ಈ ವಯಸ್ಸಿನ ಮಕ್ಕಳಿಗೆ ಬೆಳವಣಿಗೆಯ ಹಾರ್ಮೋನಿನಿಂದ ರಾತ್ರಿ ಸಕ್ಕರೆ ಏರುತ್ತದೆ. 240ರಲ್ಲಿ ಆರು ಗಂಟೆ ಕಳೆದರೂ ನಿಮಗೆ ಗೊತ್ತೇ ಆಗುವುದಿಲ್ಲ. ನಾನು 220ಕ್ಕೆ ಇಟ್ಟು ಒಂದೂವರೆ ಗಂಟೆ ತಡ ಹಾಕಿದ್ದೇನೆ. ನಮ್ಮದು ಪಂಪ್ ಬೇರೆ. ಕೊಳವೆ ಮಡಚಿಕೊಂಡರೆ ಮೈಗೆ ಇನ್ಸುಲಿನ್ನೇ ಹೋಗುವುದಿಲ್ಲ, ಕೆಲವೇ ಗಂಟೆಯಲ್ಲಿ ಕೀಟೋನ್ ಏರುತ್ತದೆ. ಅದಕ್ಕೇ ನನಗೆ ಬೇಗ ಗೊತ್ತಾಗಬೇಕು.

ಹಳೇಬೇರು
ಪಂಪ್ ಇದ್ದರೆ ನಿಮ್ಮದೇ ಸರಿ. ಇಂಜೆಕ್ಷನ್‌ನವರಿಗೆ ದೀರ್ಘಾವಧಿ ಇನ್ಸುಲಿನ್ ಒಳಗಿರುತ್ತದೆ, ಅಷ್ಟು ಅವಸರವಿಲ್ಲ. ಬೆಳವಣಿಗೆಯ ವಯಸ್ಸಿನ ಮಾತೂ ನಿಜ. ಆದರೆ ರಾತ್ರಿಯೆಲ್ಲಾ 240 ಇದ್ದರೆ ಬೆಳಗ್ಗೆ ಗೆರೆಯಲ್ಲೇ ಕಾಣುತ್ತದೆ. ಅದನ್ನು ಡೋಸ್ ಬದಲಿಸಿ ಸರಿಮಾಡಬೇಕೇ ಹೊರತು ಅಮ್ಮನನ್ನು ದಿನಾ ಎಬ್ಬಿಸಿ ಅಲ್ಲ.

ಇನ್ನೊಂದು ಮಾತು. ಲೋಗೆ ಗ್ಲೂಕೋಸ್ ಕೊಟ್ಟಮೇಲೆ 15 ನಿಮಿಷಕ್ಕೆ ಬೆರಳು ಚುಚ್ಚಿಯೇ ನೋಡಿ. ಸೆನ್ಸರ್ ಆಗಲೂ ಲೋ ಅಂತಲೇ ಕೂಗುತ್ತಿರುತ್ತದೆ. ಅದನ್ನು ನಂಬಿ ಮತ್ತೆ ಮತ್ತೆ ತಿನ್ನಿಸಿದರೆ ಬೆಳಗ್ಗೆ 300 ತೋರಿಸುತ್ತದೆ.

ಹೂಬಳ್ಳಿ
ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ರಾತ್ರಿ ಲೋ 80, ಹೈ 250, ಒಂದು ಗಂಟೆ ತಡ. ಸ್ಲೀಪ್ ಮೋಡ್ ಸೆಟ್ಟಿಂಗ್‌ಗೆ ಹೋಗಿ ಸೆನ್ಸರ್ ಆಪ್‌ಗೆ ಮಾತ್ರ ಅನುಮತಿ ಕೊಟ್ಟೆ. ಆ ಆಪ್‌ನ ಬ್ಯಾಟರಿ ಉಳಿತಾಯವನ್ನೂ ತೆಗೆದೆ. ಲೋಗೆ ಬೇರೆ ಸದ್ದು, ಹೈಗೆ ಬೇರೆ ಸದ್ದು ಇಟ್ಟೆ. ಫೋನನ್ನು ಸ್ಲೀಪ್ ಮೋಡ್‌ನಲ್ಲಿಟ್ಟು, ಹಗಲಲ್ಲೇ ಲೋ ಮಿತಿಯನ್ನು ಅವಳ ಆಗಿನ ಅಂಕಿಗಿಂತ ಮೇಲೆ ಏರಿಸಿ ನೋಡಿದೆ. ಹೊಡೆಯಿತು. ಅವಳ ಫೋನ್ ಈಗ ದಿಂಬಿನ ಕೆಳಗಿಲ್ಲ, ಮೇಜಿನ ಮೇಲಿದೆ.

ಏಳು ರಾತ್ರಿಗೆ 14 ಅಲಾರಂ. ಹೈ 5, ಲೋ 7, ಸಿಗ್ನಲ್ 2. ಏಳು ಲೋದಲ್ಲಿ 3 ನಿಜ. ಮೂರಕ್ಕೂ ಎದ್ದೆ, ಬೆರಳಿನಲ್ಲಿ ತೀರಾ ಕಡಿಮೆ ಕಂಡದ್ದು 66. ಎರಡು ಸಲ ತೋಳಿನ ಮೇಲೆ ಮಲಗಿದ್ದಳು. ಇನ್ನೆರಡು ಸಲ 78ರಲ್ಲೇ ಸುಮ್ಮನೆ ಓಡಿತು.

ಹೈ ಐದರಲ್ಲಿ ನಾಲ್ಕು ಬೆಳಗಿನ ಜಾವ 4ರಿಂದ 5ರ ನಡುವೆ. ಮಳೆಬಿಲ್ಲು ಹೇಳಿದ ಏರಿಕೆ ಇದೇ ಇರಬೇಕು. ನಾಲ್ಕೂ ದಿನದ ಗೆರೆ ತೆಗೆದಿಟ್ಟುಕೊಂಡಿದ್ದೇನೆ, ಶುಕ್ರವಾರ ಡಾಕ್ಟರಿಗೆ ತೋರಿಸುತ್ತೇನೆ. ತರಗತಿಯಲ್ಲಿ ಫೋನ್ ಸದ್ದು ಮಾಡುವಂತಿಲ್ಲ, ವೈಬ್ರೇಷನ್ ಅವಳಿಗೆ ತಿಳಿಯುವುದಿಲ್ಲ. ಅದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಮಳೆಬಿಲ್ಲು
ಮಗನಿಗೆ ಕೈಗಡಿಯಾರದಲ್ಲಿ ವೈಬ್ರೇಷನ್ ಬರುವ ಹಾಗೆ ಮಾಡಿದ್ದೇವೆ. ಮಣಿಕಟ್ಟಿಗೆ ತಾಗುವುದರಿಂದ ತಿಳಿಯುತ್ತದೆ. ಆಟದ ಹೊತ್ತಿನಲ್ಲಿ ಮಾತ್ರ ಅವನಿಗೂ ತಿಳಿಯುವುದಿಲ್ಲ, ಅದಕ್ಕೆ ನಾವೂ ದಾರಿ ಹುಡುಕುತ್ತಿದ್ದೇವೆ.